ತೋಟ ಮಾರಿದ ಕಥೆ, ಮಾರಾಟದ ಮಾತಿಲ್ಲದೆ

ಹೋದ ಮಳೆಗಾಲದಲ್ಲಿ ಒಂದು ಸಣ್ಣ ಕಥೆ ಬರೆದೆ. ಅದರ ವಿಷಯ ನಮ್ಮ ತೀರ್ಥಹಳ್ಳಿ ಕಡೆ ಯಾರಿಗೂ ಹೊಸದಲ್ಲ. ವಯಸ್ಸಾದ ತಾಯಿ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ, ಮನೆ ಹಿಂದೆ ಒಂದೆಕರೆ ಅಡಿಕೆ ತೋಟ. ಮಗ ಅಮ್ಮನಿಗೆ ಹೇಳದೆ ತೋಟವನ್ನು ಪಕ್ಕದ ತೋಟದವನಿಗೆ ಕೊಡೋದು ಅಂತ ಮಾತಾಡಿಬಿಟ್ಟಿದ್ದಾನೆ. ಅಮ್ಮನಿಗೆ ಅದು ಗೊತ್ತಾಗಿದೆ. ಅವಳಿಗೆ ಗೊತ್ತಾಗಿದೆ ಅನ್ನೋದು ಮಗನಿಗೆ ಗೊತ್ತಿಲ್ಲ. ಕಥೆ ಇಷ್ಟೇ.

ಮೊದಲ ಕರಡಿನಲ್ಲಿ ಇದನ್ನೆಲ್ಲ ಹೇಳಿಯೇ ಬರೆದಿದ್ದೆ. ಮಗ ಫೋನಿನಲ್ಲಿ ರೇಟು ಮಾತಾಡುತ್ತಾನೆ, ಅಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ, ರಾತ್ರಿ ದಿಂಬು ಒದ್ದೆಯಾಗುತ್ತದೆ. ಕೊನೆಗೆ ಪಕ್ಕದ ತೋಟದವನನ್ನು ಕರೆದು, ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಹೊಡೆಸುವ ಮದ್ದಿಗೆ ಅಂತ ತಂದಿಟ್ಟಿದ್ದ ಮೈಲುತುತ್ತದ ಚೀಲವನ್ನು ಅವನ ಕೈಗೆ ಕೊಡುತ್ತಾಳೆ. ಓದಿದರೆ ಎಲ್ಲ ಅರ್ಥವಾಗುತ್ತಿತ್ತು. ಆದರೆ ಓದುವವರಿಗೆ ಮಾಡೋಕೆ ಅಂತ ಏನೂ ಉಳಿದಿರಲಿಲ್ಲ. ಮುಖ್ಯವಾಗಿ ಆ ಮೈಲುತುತ್ತದ ಚೀಲಕ್ಕೆ ಕೆಲಸವೇ ಇರಲಿಲ್ಲ. ಅವಳ ಸಂಕಟ ಆಗಲೇ ದಿಂಬಿನ ಮೇಲೆ ಹರಿದು ಹೋಗಿತ್ತಲ್ಲ, ಚೀಲ ಹೊಸದಾಗಿ ಹೇಳುವಂಥದ್ದು ಏನಿತ್ತು?

ನನಗೆ ಈ ಕಥೆ ಬೇಕಾಗಿದ್ದೇ ಆ ಚೀಲಕ್ಕಾಗಿ. ಅದಕ್ಕೇ ಒಂದು ತೀರ್ಮಾನ ಮಾಡಿದೆ. ಇಡೀ ಕಥೆಯಲ್ಲಿ ಮಾರಾಟದ ಮಾತೇ ಬರಬಾರದು. ಓದುವವರು ಆ ಚೀಲದ ಹತ್ತಿರ ಬಂದಾಗ ತಾವೇ ಅದನ್ನು ಕಂಡುಕೊಳ್ಳಬೇಕು.

ಬಿಡುವ ಮೊದಲು ಒಂದು ಕೆಲಸ ಮಾಡಿದೆ. ನೋಟ್‌ಬುಕ್ಕಿನ ಒಂದು ಪುಟದಲ್ಲಿ, ಕಥೆಗೆ ಬರದ ಸಂಗತಿಗಳನ್ನೆಲ್ಲ ಬರೆದುಕೊಂಡೆ. ತೋಟಕ್ಕೆ ಎಷ್ಟು ದುಡ್ಡು ಮಾತಾಗಿದೆ, ಮುಂಗಡ ಎಷ್ಟು, ಮಗನಿಗೆ ಈಗಲೇ ಯಾಕೆ ದುಡ್ಡು ಬೇಕು, ಅಪ್ಪ ಬದುಕಿದ್ದಾಗಲೇ ಖಾತೆ ಮಗನ ಹೆಸರಿಗೆ ಹೇಗಾಯ್ತು, ಅಮ್ಮನಿಗೆ ಯಾರಿಂದ ಯಾವಾಗ ಗೊತ್ತಾಯ್ತು, ಗೊತ್ತಾದ ಮೇಲೂ ಯಾಕೆ ಸುಮ್ಮನಿದ್ದಾಳೆ. ಇದು ಸುಮ್ನೆ ಶಿಸ್ತಿಗಾಗಿ ಮಾಡಿದ್ದಲ್ಲ. ಬರೆಯುವವನಿಗೇ ಗೊತ್ತಿಲ್ಲದ್ದನ್ನು ಬಿಟ್ಟರೆ ಕಥೆಯಲ್ಲಿ ಅದು ತೂತಾಗಿ ಕಾಣುತ್ತದೆ. ಗೊತ್ತಿದ್ದು ಬಿಟ್ಟರೆ ಅದು ಪಾತ್ರಗಳ ಮಾತಿನ ಮೇಲೆ ತೂಗುತ್ತಿರುತ್ತದೆ. ಮಗನಿಗೆ ಮುಂಗಡ ಬಂದಾಗಿದೆ ಅಂತ ಬರೆದುಕೊಂಡ ಮೇಲೆ ಅವನ ಮಾತೇ ಬದಲಾಯಿತು. ಮುಂಚೆ ಅವನು ಅಮ್ಮನಿಗೆ ನಯವಾಗಿ ಏನೇನೋ ವಿವರಿಸುತ್ತಿದ್ದ. ಈಗ ಗಡಿಬಿಡಿಯಲ್ಲಿ ಒಂದೇ ಮಾತು ಅಂದು ಮೊಬೈಲ್ ನೋಡತೊಡಗಿದ.

ಆ ಒಂದು ಮಾತು ಹೀಗಿದೆ: “ಈ ವರ್ಷ ಮದ್ದು ಬೇಡಮ್ಮ.”

ಅಡಿಕೆ ತೋಟದವರಿಗೆ ಇಷ್ಟು ಸಾಕು. ಮಳೆ ಹಿಡಿಯುವ ಮೊದಲು ಗೊನೆಗಳಿಗೆ ಮೈಲುತುತ್ತ, ಸುಣ್ಣ ಸೇರಿಸಿ ಮಾಡಿದ ಬೋರ್ಡೋ ದ್ರಾವಣ ಹೊಡೆಸಲೇಬೇಕು. ಇಲ್ಲದಿದ್ದರೆ ಕೊಳೆ ರೋಗ ಬಂದು ಕಾಯಿ ಉದುರುತ್ತವೆ. ಮಳೆ ಜೋರಾದ ಮೇಲೆ ಮರ ಜಾರುತ್ತದೆ, ಹತ್ತುವವರು ಸಿಗುವುದಿಲ್ಲ, ಹೊಡೆದ ಮದ್ದೂ ನಿಲ್ಲುವುದಿಲ್ಲ. ಹಾಗಾಗಿ ಮೇ ಕೊನೆಯಲ್ಲಿ ‘ಮದ್ದು ಬೇಡ’ ಅಂದರೆ ಮುಂದಿನ ಫಸಲು ತನ್ನದಲ್ಲ ಅಂದಹಾಗೆಯೇ. ಆದರೆ ಈ ಲೆಕ್ಕ ಗೊತ್ತಿಲ್ಲದವರಿಗೆ ಅದು ಅಮ್ಮನ ಮೇಲಿನ ಕಾಳಜಿಯ ಮಾತಿನಂತೆ ಕೇಳಬಹುದು. ಪಾಪ, ವಯಸ್ಸಾದ ಅಮ್ಮನಿಗೆ ಯಾಕೆ ತಾಪತ್ರಯ ಅಂತ ಹೇಳುತ್ತಿದ್ದಾನೆ ಅಂತ.

ಇಲ್ಲಿ ನನಗೆ ಮಮ್ಮಟ ನೆನಪಾದ. ಹನ್ನೊಂದನೇ ಶತಮಾನದ ಕಾಶ್ಮೀರದ ಈ ಆಲಂಕಾರಿಕ ‘ಸೂರ್ಯ ಮುಳುಗಿದ’ ಅನ್ನುವ ಒಂದೇ ವಾಕ್ಯ ಹಿಡಿದು, ಅದು ಯಾರ್‍ಯಾರಿಗೆ ಏನೇನು ಹೇಳುತ್ತದೆ ಅಂತ ಪಟ್ಟಿ ಕೊಡುತ್ತಾನೆ. ದನಗಳನ್ನು ಒಳಗೆ ಕಟ್ಟು, ಕೆಲಸ ನಿಲ್ಲಿಸೋಣ, ಶತ್ರುವಿನ ಮೇಲೆ ಬೀಳೋಕೆ ಹೊತ್ತಾಯ್ತು, ನಿನ್ನ ನಲ್ಲ ಇನ್ನೇನು ಬರುತ್ತಾನೆ, ಅವನು ಇವತ್ತೂ ಬರಲಿಲ್ಲ, ಹೀಗೆ. ಮಾತು ಅದೇ. ಯಾರು ಹೇಳಿದರು, ಯಾರಿಗೆ ಹೇಳಿದರು, ಯಾವ ಜಾಗ, ಯಾವ ಹೊತ್ತು, ಏನು ಸಂದರ್ಭ ಅನ್ನೋದರ ಮೇಲೆ ಅರ್ಥ ಹುಟ್ಟುತ್ತದೆ ಅಂತ ಅವನ ವಾದ. ಕಾಲೇಜಿನಲ್ಲಿ ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಕಥೆ ಬರೆಯುವಾಗ ಅದು ಬೇರೆ ಥರ ಉಪಯೋಗಕ್ಕೆ ಬಂತು. ಯಾರು, ಯಾರಿಗೆ, ಎಲ್ಲಿ, ಯಾವಾಗ ಅನ್ನೋದನ್ನು ಬಿಡುವ ಹಾಗೇ ಇಲ್ಲ. ಅವು ಪುಟದ ಮೇಲೆ ಗಟ್ಟಿಯಾಗಿ ಇದ್ದರೆ ಮಾತ್ರ ಉಳಿದದ್ದನ್ನು ಬಿಡಬಹುದು. ಹೊಸಬರು ಇಲ್ಲಿಯೇ ಅಡ್ಡದಾರಿ ಹಿಡಿಯುವುದನ್ನು ಬೇಕಾದಷ್ಟು ನೋಡಿದ್ದೇನೆ. ‘ಅವಳು’ ಯಾರು, ‘ಅವನು’ ಅವಳಿಗೆ ಏನಾಗಬೇಕು ಅನ್ನೋದನ್ನೇ ಮುಚ್ಚಿಡುತ್ತಾರೆ. ಮನಸ್ಸಿನ ಮಾತನ್ನು ಮಾತ್ರ ಪುಟಗಟ್ಟಲೆ ಬಿಚ್ಚಿಡುತ್ತಾರೆ. ಬಿಡಬೇಕಾದದ್ದು ಅದರ ಉಲ್ಟಾ.

ಅದಕ್ಕೇ ಮೊದಲ ಪ್ಯಾರಾದಲ್ಲಿಯೇ ಎಲ್ಲ ಬಿಡಿಸಿ ಹೇಳಿದೆ. ಮೇ ತಿಂಗಳ ಕೊನೆ. ಮಗ ಎರಡು ದಿನದ ರಜೆಗೆ ಒಬ್ಬನೇ ಬಂದಿದ್ದಾನೆ. ಗಂಡ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳುತ್ತಿರುವುದು ಅಮ್ಮನೇ. ಪಕ್ಕದ ತೋಟದವನು ಅವಳನ್ನು ಅಕ್ಕ ಅನ್ನುತ್ತಾನೆ. ಇದರಲ್ಲಿ ಸೂಚನೆ, ಗೂಢ ಏನೂ ಇಲ್ಲ. ನೆಲ ಅಷ್ಟೇ.

ಮುಂದಿನ ತೊಡಕು ದೊಡ್ಡದು. ಕಥೆಯನ್ನು ನಾನು ಅಮ್ಮನ ಒಳಗೆ ಕೂತು ಹೇಳುತ್ತಿದ್ದೆ. ಅವಳಿಗೆ ಹೀಗನ್ನಿಸಿತು, ಅವಳಿಗೆ ಹಳೆಯದು ನೆನಪಾಯಿತು ಅಂತ. ಅವಳ ತಲೆಯೊಳಗೆ ಹೋಗಿಬಂದು ಮಾಡುತ್ತಾ, ಅವಳು ಹಗಲಿರುಳು ಯೋಚಿಸುತ್ತಿರುವ ಒಂದೇ ವಿಷಯವನ್ನು ಮಾತ್ರ ಹೇಳದಿದ್ದರೆ ಅದು ಮೋಸ ಅಲ್ವಾ? ಓದುವವರಿಗೆ ಕೊನೆಗೆ ಗೊತ್ತಾದಾಗ ‘ಅಯ್ಯೋ ಹೌದಲ್ಲ’ ಅನ್ನುವ ಬದಲು ‘ಇಷ್ಟು ಹೊತ್ತು ಬೇಕಂತಲೇ ಮುಚ್ಚಿಟ್ಟಿದ್ದ’ ಅನಿಸುತ್ತದೆ. ಹಾಗಾಗಿ ನಾನು ಅವಳ ತಲೆಯಿಂದ ಪೂರ್ತಿ ಹೊರಗೆ ಬಂದೆ. ಜಗಲಿಯಲ್ಲಿ ಕೂತ ನೆಂಟನೊಬ್ಬನಿಗೆ ಏನು ಕಾಣುತ್ತದೋ, ಏನು ಕೇಳಿಸುತ್ತದೋ ಅಷ್ಟೇ. ‘ಅನ್ನಿಸಿತು’, ‘ನೆನಪಾಯಿತು’, ‘ಅರಿವಾಯಿತು’ ಅನ್ನುವ ಕ್ರಿಯಾಪದ ಇರುವ ವಾಕ್ಯಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ತೆಗೆದೆ. ಕರಡಿನ ಮೂರನೇ ಒಂದು ಭಾಗ ಹೋಯಿತು. ದಿಂಬೂ ಹೋಯಿತು. ಅದು ಹೋಗಿದ್ದಕ್ಕೆ ನನಗೇನೂ ಬೇಜಾರಿಲ್ಲ.

ಒಳಗಿನದೆಲ್ಲ ಹೋದ ಮೇಲೆ ಹೊರಗೆ ಕಾಣುವ ಗುರುತು ಬೇಕಾಯಿತು. ಪಕ್ಕದವನೇ ಕೊಳ್ಳುವವನು ಅನ್ನೋದು ಹೇಗೆ ಗೊತ್ತಾಗಬೇಕು? ತೋಟ ಕೊಳ್ಳುವವರು ಮಾಡುವ ಮೊದಲ ಕೆಲಸ ಮರ ಎಣಿಸುವುದು. ಅಡುಗೆಮನೆ ಕಿಟಕಿಯಿಂದ ಅಮ್ಮ ನೋಡುತ್ತಿರುವಾಗ ಅವನು ಅವಳ ತೋಟದ ಸಾಲಿನಲ್ಲಿ ನಡೆಯುತ್ತಾನೆ. ಒಂದೊಂದು ಮರಕ್ಕೂ ತಲೆ ಎತ್ತುತ್ತಾನೆ. ತುಟಿ ಅಲ್ಲಾಡುತ್ತಿದೆ. ಎಣಿಸುತ್ತಿದ್ದ ಅನ್ನುವ ಪದವನ್ನೂ ಬಿಟ್ಟೆ.

ಆಮೇಲೆ ಮೂವರಿಗೆ ಓದಲು ಕೊಟ್ಟೆ. ಸಾಗರದ ಹತ್ತಿರ ತೋಟ ಇರುವ ಗೆಳೆಯ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಅಕ್ಕನ ಮಗಳು, ಶಿವಮೊಗ್ಗದಲ್ಲಿರುವ ನಿವೃತ್ತ ಕನ್ನಡ ಮೇಷ್ಟ್ರು. ಇಂಥ ಕಥೆ ಕೊಟ್ಟು ‘ಅರ್ಥ ಆಯ್ತಾ’ ಅಂತ ಕೇಳಬಾರದು. ಎಲ್ಲರೂ ಆಯ್ತು ಅಂತಲೇ ಹೇಳುತ್ತಾರೆ, ದಾಕ್ಷಿಣ್ಯಕ್ಕೆ. ಚೆನ್ನಾಗಿದೆಯಾ ಅಂತಲೂ ಕೇಳಬಾರದು. ನಾನು ಕೇಳಿದ್ದು ಒಂದೇ: ‘ಕಥೆ ಪಕ್ಕಕ್ಕಿಟ್ಟು ಏನಾಯ್ತು ಅಂತ ಹೇಳಿ.’ ಆಗ ಅವರು ತುಂಬಿಕೊಂಡದ್ದು ಯಾವುದು, ತುಂಬಿಕೊಳ್ಳದೇ ಬಿಟ್ಟದ್ದು ಯಾವುದು ಎಲ್ಲ ಹೊರಗೆ ಬರುತ್ತದೆ.

ಗೆಳೆಯ ಎರಡನೇ ಪುಟದಲ್ಲೇ ಎಲ್ಲ ಹಿಡಿದುಬಿಟ್ಟಿದ್ದ. “ಮರ ಎಣಿಸೋಕೆ ಬಂದಿದ್ದಾನೆ, ಮಗ ಕೊಟ್ಟುಬಿಟ್ಟಿದ್ದಾನೆ” ಅಂದ. ಅಕ್ಕನ ಮಗಳು ಹೇಳಿದ ಕಥೆ ಬೇರೆಯೇ. “ಮಾವ, ಪಕ್ಕದ ಮನೆಯವರು ತುಂಬಾ ದೈವಭಕ್ತರು ಅಲ್ವಾ? ಮರಗಳ ಹತ್ರ ಮಂತ್ರ ಹೇಳ್ತಾರೆ. ಅಜ್ಜಿಗೆ ಕೈಲಾಗಲ್ಲ ಅಂತ ಔಷಧಿ ಅವರಿಗೆ ಕೊಟ್ಟುಬಿಡ್ತಾರೆ. ಸ್ವೀಟ್ ಆಗಿದೆ.”

ನಕ್ಕು ಸಾಕಾಯಿತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಪುಟದ ಮೇಲೆ ಇರುವುದನ್ನು ಕೂಡಿಸಿದರೆ ಅವಳ ಕಥೆಯೂ ಬರುತ್ತದೆ. ಓದುವವರು ‘ಗೊತ್ತಾಗಲಿಲ್ಲ’ ಅಂದರೆ ಕೊಂಡಿ ಕಡಿಮೆಯಾಗಿದೆ ಅಂತ. ಅವರು ಹೀಗೆ ಪೂರ್ತಿ ಬೇರೊಂದು ಕಥೆಯನ್ನು ಖುಷಿಯಿಂದ ಹೇಳಿದರೆ ಇರುವ ಕೊಂಡಿಯೇ ಎರಡು ಕಡೆಗೆ ತಿರುಗುತ್ತಿದೆ ಅಂತ. ಎರಡಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಒಂದು ವಾಕ್ಯ ಸೇರಿಸಬೇಕು. ಎರಡನೆಯದಕ್ಕೆ ಸೇರಿಸಿ ಪ್ರಯೋಜನವಿಲ್ಲ, ಇರುವ ವಾಕ್ಯವನ್ನೇ ಬೇಡದ ಕಡೆ ತಿರುಗದ ಹಾಗೆ ಮಾಡಬೇಕು.

ತುಟಿ ಅಲ್ಲಾಡುವುದು ಎರಡನೇ ಥರದ್ದು. ತುಟಿಯನ್ನು ತೆಗೆದು ಹೀಗೆ ಬರೆದೆ: ‘ಒಂದು ಸಾಲು ಮುಗಿದಾಗಲೊಮ್ಮೆ ಬಗ್ಗಿ, ಕೆಳಗೆ ಬಿದ್ದ ಅಡಿಕೆಯೊಂದನ್ನು ಎತ್ತಿ ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ತೋಟದ ತುದಿ ಮುಟ್ಟಿದ ಮೇಲೆ ಜೇಬಿನಿಂದ ಎಲ್ಲ ತೆಗೆದು ಅಂಗೈಯಲ್ಲಿ ಹರಡಿಕೊಂಡು ನೋಡಿ, ಎಸೆದ.’ ಈಗ ಮಂತ್ರಕ್ಕೆ ಜಾಗವಿಲ್ಲ. ಎಸೆದ ಅನ್ನೋದು ಮುಖ್ಯ. ಇಟ್ಟುಕೊಂಡಿದ್ದರೆ ಕಳ್ಳ ಅನ್ನುತ್ತಿದ್ದರು.

ಮದ್ದಿನ ವಿಷಯ ಮೊದಲ ಥರದ್ದು. ಹೊಡೆಸದಿದ್ದರೆ ಏನಾಗುತ್ತದೆ ಅನ್ನೋದೇ ಅವಳಿಗೆ ಗೊತ್ತಿರಲಿಲ್ಲ. ಅದನ್ನು ನಾನೇ ವಿವರಿಸಿದರೆ ಕೃಷಿ ಇಲಾಖೆಯ ಕರಪತ್ರದಂತಾಗುತ್ತದೆ, ತೋಟದವರಿಗೆ ಓದಿ ಬೇಜಾರೂ ಆಗುತ್ತದೆ. ಹಾಗಾಗಿ ಆ ಕೆಲಸವನ್ನು ಕೊನೆಗಾರನ ಬಾಯಿಗೆ ಕೊಟ್ಟೆ. ಮರ ಹತ್ತುವವನು ಫೋನಿನಲ್ಲಿ ಹೇಗೂ ಅವಸರ ಮಾಡುವವನೇ. “ಅಮ್ಮಾ, ಬೇಗ ದಿನ ಹೇಳಿ. ಆರಿದ್ರೆ ಮಳೆ ಹಿಡಿದ ಮೇಲೆ ನನ್ನ ಕರೀಬೇಡಿ. ಹೋದ ವರ್ಷ ಮೇಲಿನ ಮನೆಯವರದು ನೋಡಿದ್ರಲ್ಲ, ಕಾಯೆಲ್ಲ ಬುಡದಲ್ಲೇ ಇತ್ತು.” ತೋಟದವರಿಗೆ ಇದು ದಿನಾ ಕೇಳುವ ಮಾತು. ಅಕ್ಕನ ಮಗಳಿಗೆ ಬೇಕಾದ ಮಾಹಿತಿಯೂ ಅದರಲ್ಲೇ ಬಂತು. ಈ ಫೋನು ಮಗ ‘ಮದ್ದು ಬೇಡ’ ಅನ್ನುವ ಮೊದಲೇ ಬರಬೇಕು. ನಂತರ ಬಂದರೆ ವಿವರಣೆ ಆಗಿಬಿಡುತ್ತದೆ.

ಇನ್ನೊಂದು ಕೊಂಡಿ ಇತ್ತು, ಅದನ್ನು ತೆಗೆದದ್ದೂ ಹೇಳಬೇಕು. ಮಗ ಬಂದ ದಿನವೇ ಕಪಾಟು ತೆರೆದು ಪಹಣಿ ಹುಡುಕುತ್ತಾನೆ. ಸಾಲಕ್ಕೆ ಬೇಕು ಅಂತ ಅಮ್ಮನಿಗೆ ಹೇಳುತ್ತಾನೆ. ನನಗೆ ಅದು ಪ್ರೀತಿಯ ದೃಶ್ಯವಾಗಿತ್ತು, ಕಪಾಟಿನೊಳಗಿನ ನುಸಿಗುಳಿಗೆಯ ವಾಸನೆಯವರೆಗೂ ಬರೆದಿದ್ದೆ. ಒಂದೊಂದೇ ಕೊಂಡಿ ತೆಗೆದು ಓದಿ ನೋಡುವುದು ನನ್ನ ರೂಢಿ. ಕೊನೆಗಾರನ ಫೋನು ತೆಗೆದರೆ ಕಥೆ ಬೀಳುತ್ತದೆ. ಜೇಬಿನ ಅಡಿಕೆ ತೆಗೆದರೆ ಕೊಳ್ಳುವವನು ಯಾರು ಅನ್ನೋದು ಹೋಗುತ್ತದೆ. ಪಹಣಿ ತೆಗೆದರೆ ಏನೂ ಆಗಲಿಲ್ಲ. ಅದು ಇದ್ದಾಗಲೇ ತೊಂದರೆ. ಪಹಣಿ ಅಂದರೆ ಯಾರಿಗೆ ಗೊತ್ತಿಲ್ಲ? ಮೊದಲ ಪುಟದಲ್ಲೇ ಮಾರಾಟ ಅಂತ ಗೊತ್ತಾಗಿ, ಮುಂದೆ ಬರುವುದೆಲ್ಲ ಗೊತ್ತಿದ್ದದ್ದರ ಸಾಕ್ಷಿಯಾಗುತ್ತಿತ್ತು. ದೃಶ್ಯ ಚೆನ್ನಾಗಿದೆ ಅನ್ನೋದು ಅದನ್ನು ಉಳಿಸಿಕೊಳ್ಳೋಕೆ ಕಾರಣವಾಗಲಿಲ್ಲ.

ಉಳಿದದ್ದು ಚೀಲದ ಜಾಗ. ಮಗ ಬಸ್ಸಿಗೆ ಹೋದ ಮೇಲೆ ಪಕ್ಕದವನು ಹಿತ್ತಲ ಸಂಕ ದಾಟಿ ಬರುತ್ತಾನೆ. ಅಮ್ಮ ಕಾಫಿ ಕೊಡುತ್ತಾಳೆ. ಆಮೇಲೆ ಒಳಗಿಂದ ಚೀಲ ಎಳೆದು ತಂದು ಅವನ ಮುಂದಿಡುತ್ತಾಳೆ. ಇಲ್ಲಿ ಅವಳು ಏನು ಹೇಳಬೇಕು? ಮೊದಲು ಬರೆದಿದ್ದ ಮಾತು: “ನಿನ್ನ ತೋಟ ಇನ್ನು, ಚೆನ್ನಾಗಿ ನೋಡ್ಕೋ.” ಇದು ಬಿಡಲಾರದೆ ಬಿಟ್ಟಂತಿತ್ತು, ಅಷ್ಟೆಲ್ಲ ಮುಚ್ಚಿಟ್ಟು ಕೊನೆಗೆ ಬಾಯಿಬಿಟ್ಟ ಹಾಗೆ. ಸುಮ್ಮನೆ ಚೀಲ ಕೊಟ್ಟು ಏನೂ ಹೇಳದಿದ್ದರೆ? ಅದನ್ನೂ ಬರೆದು ನೋಡಿದೆ. ಆಗ ಅವಳು ಮೌನದಲ್ಲಿ ಹುತಾತ್ಮಳಾದಂತೆ ಕಂಡಳು. ನಮ್ಮ ಕಡೆಯ ಹೆಂಗಸರು, ಅದರಲ್ಲೂ ಒಬ್ಬರೇ ತೋಟ ನೋಡಿಕೊಂಡವರು, ಹಾಗೆ ಸುಮ್ಮನಿರುವವರಲ್ಲ. ಕೆಲಸದ ಮಾತು ಆಡಿಯೇ ಆಡುತ್ತಾರೆ.

ಹಾಗಾದರೆ ಯಾವ ಕೆಲಸದ ಮಾತು? ಎರಡು ಇದ್ದವು. ಮೇಲಿನ ಸಾಲಿನ ಮೂರು ಮರ ಟೊಳ್ಳು, ಹತ್ತಿಸಬೇಡ ಅನ್ನೋದು ಒಂದು. ಮದ್ದು ಮಾಡುವಾಗ ಸುಣ್ಣ ಸರಿಯಾಗಿರಲಿ ಅನ್ನೋದು ಇನ್ನೊಂದು. ಟೊಳ್ಳು ಮರದ ಮಾತು ನನಗೆ ಜಾಸ್ತಿ ಹಿಡಿಸಿತ್ತು. ಆದರೆ ಮೇಷ್ಟ್ರು ಅದನ್ನು ಓದಿ, “ಮಗನ ವ್ಯಾಪಾರ ಕೆಡಿಸೋಕೆ ಹೇಳ್ತಾಳಾ? ಹುಷಾರು ಮುದುಕಿ ಕಣಯ್ಯ” ಅಂದರು. ಹೌದಲ್ಲ, ಎಣಿಸಿ ದುಡ್ಡು ಕೊಡುವವನಿಗೆ ಟೊಳ್ಳು ಮರದ ಸುದ್ದಿ ಕೊಡುವುದು ಅಂದರೆ ಅದೇ. ಆ ಅರ್ಥವೂ ಒಳ್ಳೆಯ ಕಥೆಯೇ, ಆದರೆ ಬೇರೆ ಹೆಂಗಸಿನ ಕಥೆ. ಸುಣ್ಣವನ್ನೇ ಇಟ್ಟುಕೊಂಡೆ.

ಅದಕ್ಕೆ ಸರಿಯಾದ ವಿವರ ಬೇಕಿತ್ತು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅನ್ನೋದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಅದನ್ನು ಇನ್ನೊಬ್ಬ ತೋಟದವನಿಗೆ ಯಾರೂ ಹೇಳುವುದಿಲ್ಲ. ಹೇಳಿದರೆ ಅದು ಓದುವವರಿಗೆ ಹೇಳಿದ್ದು ಅಂತ ತಕ್ಷಣ ಗೊತ್ತಾಗುತ್ತದೆ. ಆದರೆ ಸುಣ್ಣ ಹಳೆಯದಾದರೆ ಗಾಳಿ ಹಿಡಿದು ಸತ್ವ ಹೋಗಿರುತ್ತದೆ. ಆಗ ಅದೇ ಲೆಕ್ಕದಲ್ಲಿ ಹಾಕಿದರೂ ಸಾಲದು. ಮಾಡಿದ ಮದ್ದಿನಲ್ಲಿ ಕತ್ತಿಯ ಅಲಗು ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ. ಅಮ್ಮನ ಮನೆಯ ಸುಣ್ಣ ಹೋದ ವರ್ಷದ್ದು. ಹಾಗಾಗಿ ಅವಳು ಹೇಳುವುದು:

“ಸುಣ್ಣ ಮಾತ್ರ ಹೊಸದು ತಗೋ. ಕತ್ತಿ ಅದ್ದಿ ನೋಡದೆ ಹೊಡೆಸಬೇಡ. ಆ ಗಡಿಯ ಸಾಲಿಂದ ಶುರು ಮಾಡು, ಅಲ್ಲಿ ನೀರು ನಿಲ್ತದೆ.”

ಗಡಿಯ ಸಾಲು ಅವಳ ತೋಟದ್ದು. ಅಲ್ಲಿಂದ ಶುರು ಮಾಡು ಅಂತ ಅವನಿಗೆ ಹೇಳುತ್ತಿದ್ದಾಳೆ ಅಂದರೆ ಅವಳಿಗೆ ಎಲ್ಲ ಗೊತ್ತು. ಆ ಕೊನೆಯ ವಾಕ್ಯವೊಂದೇ ಇಡೀ ಕಥೆಯ ಭಾರ ಹೊರಬೇಕಾಗಿತ್ತು. ಹಾಗಾಗಿ ಅದಕ್ಕೆ ಒಂದು ಕಡೆ ಮೊದಲೇ ಜಾಗ ಮಾಡಿದೆ. ಅಡಿಕೆ ಜೇಬಿಗೆ ಹಾಕುವ ದೃಶ್ಯದಲ್ಲಿ ಅವನು ಬೇಲಿ ದಾಟಿ ಮೊದಲು ಕಾಲಿಡುವುದು ಈ ಗಡಿಯ ಸಾಲಿಗೆ, ಅವನ ಚಪ್ಪಲಿ ಅಲ್ಲಿ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಓದುವವರು ಅದನ್ನು ಗಮನಿಸುವುದಿಲ್ಲ. ಆದರೆ ನೀರು ನಿಲ್ಲುವ ಸಾಲು ಯಾರದು ಅಂತ ಕೊನೆಯಲ್ಲಿ ತಡಕಾಡಬೇಕಾಗಿಲ್ಲ.

ಅದಾದ ಮೇಲೆ ಅವನು ಏನು ಅಂದ, ಚೀಲ ಹೊತ್ತನೋ ಇಲ್ಲವೋ ಬರೆದಿಲ್ಲ. ಬರೆದಿದ್ದೆ, ತೆಗೆದೆ. ಅವನು ತಲೆ ತಗ್ಗಿಸಿದ ಅಂತ ಬರೆದರೆ ಓದುವವರಿಗೂ ಹಾಗೇ ತಗ್ಗಿಸಿ ಅಂತ ಹೇಳಿದ ಹಾಗೆ.

ತಿದ್ದಿದ ಪ್ರತಿಯನ್ನು ಅಕ್ಕನ ಮಗಳಿಗೇ ಮತ್ತೆ ಕೊಡುವಂತಿರಲಿಲ್ಲ. ಅವಳಿಗೆ ಆಗಲೇ ಗುಟ್ಟು ಗೊತ್ತಾಗಿತ್ತು. ಇಂಥ ಕಥೆಗೆ ಒಬ್ಬ ಓದುಗ ಒಂದೇ ಸಲ ಉಪಯೋಗಕ್ಕೆ ಬರುತ್ತಾನೆ. ಅವಳ ರೂಮಿನಲ್ಲಿರುವ ಹುಬ್ಬಳ್ಳಿಯ ಹುಡುಗಿಗೆ ಓದಿಸಿದೆ. ಅಡಿಕೆ ಮರವನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದವಳು ಅವಳು. ಫೋನಿನಲ್ಲಿ ಕಥೆ ಹೇಳುತ್ತಾ ಹೇಳುತ್ತಾ ಚೀಲದ ಹತ್ತಿರ ಬಂದು ನಿಂತಳು. “ಆಕೀಗ್ ಗೊತ್ತೈತಿ ಅಂದಂಗಾತಲ್ರಿ. ಮಗಾ ಹೋಗೂಮಟಾ ಸುಮ್ನ ಕುಂತಿದ್ಲೇನ್ರಿ?” ಅಂದಳು. ಮಗ ಹೋಗುವವರೆಗೆ ಕಾದಿದ್ದಾಳೆ ಅನ್ನೋದನ್ನು ನಾನು ಎಲ್ಲೂ ಬರೆದಿಲ್ಲ. ಮಗ ಬಸ್ಸು ಹತ್ತಿದ, ಆಮೇಲೆ ಚೀಲ ಬಂತು, ಅಷ್ಟೇ ಇರುವುದು. ಉಳಿದದ್ದು ಅವಳೇ ಮಾಡಿಕೊಂಡದ್ದು.

ಎಲ್ಲರಿಗೂ ಹೀಗೆ ಆಗುತ್ತದೆ ಅಂತ ಅಲ್ಲ. ಕಥೆ ಒಂದು ಪತ್ರಿಕೆಯಲ್ಲಿ ಬಂದ ಮೇಲೆ, ಮದ್ದು ಹೊಡೆಯದ ಮಗ ಸೋಮಾರಿ ಅಂತ ಮಾತ್ರ ತಿಳಿದುಕೊಂಡವರೂ ಸಿಕ್ಕರು. ಅವರಿಗೋಸ್ಕರ ಇನ್ನೊಂದು ಕೊಂಡಿ ಹಾಕಬಹುದಿತ್ತು. ಹಾಕಿದ್ದರೆ ಸಾಗರದ ಗೆಳೆಯನಂಥವರಿಗೆ ಮೊದಲ ಪುಟದಲ್ಲೇ ಮುಗಿಯುತ್ತಿತ್ತು. ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕಲ್ಲ, ನಾನು ಹುಬ್ಬಳ್ಳಿ ಹುಡುಗಿಯ ಹತ್ತಿರ ಎಳೆದೆ.

ಹೊಸನಗರದ ಕಡೆಯ ಹಿರಿಯರೊಬ್ಬರು ಪತ್ರಿಕೆಯವರಿಂದ ನಂಬರು ತಗೊಂಡು ಫೋನ್ ಮಾಡಿದರು. ಸುಣ್ಣದ ವಿಷಯ ಸರಿಯಾಗಿ ಬರೆದಿದ್ದೀರಿ, ಈಗಿನವರು ಕತ್ತಿ ಅದ್ದಿ ನೋಡುವುದೇ ಇಲ್ಲ ಅಂತ ಬೈದುಕೊಂಡರು. ಕಥೆ ಬಗ್ಗೆ ಏನೂ ಹೇಳಲಿಲ್ಲ. ಇಡುವ ಮುಂಚೆ ಕೇಳಿದರು, “ಅಲ್ಲ, ಅವ ಎಕರೆಗೆ ಎಷ್ಟಕ್ಕೆ ಕೊಟ್ಟ?”

ನೋಟ್‌ಬುಕ್ಕಿನಲ್ಲಿ ಬರೆದಿದ್ದೆನಲ್ಲ, ಹೇಳಿದೆ.

“ಕಮ್ಮಿ ಆಯ್ತು” ಅಂದರು.